ಹೊಟ್ಟೆ ಕೆಟ್ಟ ದಿನ ಅಂಗಡಿಯಿಂದ ಏನು ತರಬೇಕು: ಓಆರ್‌ಎಸ್ ಪುಡಿಯಿಂದ ಗಂಜಿ ಅಕ್ಕಿಯವರೆಗೆ

ಮನೆಯಲ್ಲಿ ಯಾರಿಗಾದರೂ ಭೇದಿ ಹಿಡಿದರೆ ಒಬ್ಬರು ಗಡಿಬಿಡಿಯಲ್ಲಿ ಅಂಗಡಿಗೆ ಓಡುತ್ತಾರೆ. ತರುವುದು ಸಾಮಾನ್ಯವಾಗಿ ಒಂದು ಡಬ್ಬಿ ಗ್ಲುಕೋಸ್ ಪುಡಿ, ಎರಡು ಎಳನೀರು, ಒಂದು ಪೌಂಡು ಬ್ರೆಡ್ಡು, ಜೊತೆಗೆ ಬಣ್ಣದ ಚಿತ್ರವಿರುವ ಒಂದು ಜ್ಯೂಸ್ ಡಬ್ಬಿ. ಇಷ್ಟು ತಂದರೂ ಮೈಯಿಂದ ಹೋಗುತ್ತಿರುವ ಉಪ್ಪನ್ನು ಸರಿಯಾದ ಪ್ರಮಾಣದಲ್ಲಿ ಮರಳಿಸುವ ವಸ್ತು ಆ ಚೀಲದಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಹೋಗಬೇಕಾದ ಮೊದಲ ಅಂಗಡಿ ಮೆಡಿಕಲ್ ಶಾಪ್. ದಿನಸಿ ಅಂಗಡಿ ಆಮೇಲೆ.

ಮೆಡಿಕಲ್ ಶಾಪಿನಲ್ಲಿ: ಯಾವ ಪ್ಯಾಕೆಟ್ಟು

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿಯಲ್ಲ. ಭೇದಿ ತಾನಾಗಿ ನಿಲ್ಲುವ ತನಕ ಮೈ ಒಣಗದಂತೆ ಕಾಯುವುದಷ್ಟೇ ಅದರ ಕೆಲಸ. ಇದು ಗೊತ್ತಿಲ್ಲದವರು ಎರಡು ಲೋಟ ಕುಡಿಸಿ, 'ಇನ್ನೂ ಹೋಗ್ತಾನೇ ಇದೆ, ಇದರಿಂದ ಏನೂ ಪ್ರಯೋಜನವಿಲ್ಲ' ಎಂದು ಬಿಟ್ಟುಬಿಡುತ್ತಾರೆ. ಭೇದಿ ಮುಂದುವರಿದಿದ್ದರೂ ರೋಗಿಗೆ ಮೂತ್ರ ಬರುತ್ತಿದೆ, ನಾಲಿಗೆ ಹಸಿಯಾಗಿದೆ, ಎದ್ದು ಕೂರುವ ಶಕ್ತಿ ಇದೆ ಎಂದರೆ ಓಆರ್‌ಎಸ್ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ಅದು ಕೆಲಸ ಮಾಡುವ ಬಗೆ ಹೀಗೆ. ಭೇದಿಯಾದಾಗಲೂ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ದಾರಿ ಮುಚ್ಚಿರುವುದಿಲ್ಲ. ಗ್ಲುಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಆ ದಾರಿ ಎರಡನ್ನೂ ಒಳಗೆ ಬಿಡುತ್ತದೆ, ನೀರು ಅವುಗಳ ಬೆನ್ನಿಗೇ ಹೋಗುತ್ತದೆ. ಬರೀ ನೀರು ಕುಡಿದರೆ ಹೀಗೆ ಎಳೆದೊಯ್ಯುವವರು ಇರುವುದಿಲ್ಲ. ಸಕ್ಕರೆ ಅತಿಯಾದರೆ ಪರಿಣಾಮ ಉಲ್ಟಾ: ದಟ್ಟವಾದ ಸಕ್ಕರೆ ನೀರು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಪ್ರಮಾಣವೇ ಎಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಒಟ್ಟು 20.5 ಗ್ರಾಂ. ದೊಡ್ಡ ಪ್ಯಾಕೆಟ್ಟಿನ ತೂಕ 21 ಗ್ರಾಂ ಆಸುಪಾಸು ಇರುವುದು ಇದೇ ಕಾರಣಕ್ಕೆ, ಅದು ಒಂದು ಲೀಟರಿಗೆ. ಸುಮಾರು 4 ಗ್ರಾಮಿನ ಚಿಕ್ಕ ಪ್ಯಾಕೆಟ್ಟು 200 ಮಿಲಿಲೀಟರಿಗೆ, ಅಂದರೆ ಸಾಮಾನ್ಯ ಗಾತ್ರದ ಒಂದು ಲೋಟಕ್ಕೆ.

ಅಂಗಡಿಯಲ್ಲಿ 'ಓಆರ್‌ಎಸ್ ಕೊಡಿ' ಎಂದಷ್ಟೇ ಕೇಳಬೇಡಿ. 'ನೀರಿಗೆ ಕಲಸುವ ಓಆರ್‌ಎಸ್ ಪುಡಿ ಕೊಡಿ, ಡಬ್ಲ್ಯುಎಚ್‌ಒ ಫಾರ್ಮುಲಾದ್ದು' ಎಂದು ಕೇಳಿ. ಕೈಗೆ ಬಂದ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ. ನಿಜವಾದ ಓಆರ್‌ಎಸ್ ಔಷಧಿಯ ಸಾಲಿಗೆ ಸೇರಿದ್ದು. ಮೇಲೆ ಓರಲ್ ರೀಹೈಡ್ರೇಶನ್ ಸಾಲ್ಟ್ಸ್ ಐ.ಪಿ. ಎಂದಿರುತ್ತದೆ, ಹಿಂದೆ ಆ ನಾಲ್ಕು ಪದಾರ್ಥಗಳ ತೂಕ ಇರುತ್ತದೆ, ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದರ ಬದಲು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಗುರುತು ಇದ್ದರೆ ಅದು ಆಹಾರ ಪದಾರ್ಥವೆಂದು ಮಾರಾಟವಾಗುವ ಪಾನೀಯ. ಇಂಥ ಸಿಹಿ ಪಾನೀಯಗಳು ಬಹುಕಾಲ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲೇ ಸೇರಿಸಿಕೊಂಡು ಮೆಡಿಕಲ್ ಶಾಪುಗಳಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಆಹಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವಂತಿಲ್ಲ ಎಂದು ಆದೇಶಿಸಿತು. ಹೆಸರು ಬದಲಾದರೂ ಡಬ್ಬಿಯೊಳಗಿನ ಸಕ್ಕರೆ ಬದಲಾಗಿದೆ ಎಂದೇನೂ ಅಲ್ಲ, ಆದ್ದರಿಂದ ಲೇಬಲ್ ಓದುವ ಅಭ್ಯಾಸ ಬಿಡಬಾರದು.

ಓದುವಾಗ ಒಂದೇ ಸಾಲು ಹುಡುಕಿದರೂ ಸಾಕು: 100 ಮಿಲಿಲೀಟರಿನಲ್ಲಿ ಸಕ್ಕರೆ ಎಷ್ಟು? ಸರಿಯಾದ ಓಆರ್‌ಎಸ್‌ನಲ್ಲಿ ಅದು 1.35 ಗ್ರಾಂ. ಡಬ್ಬಿಯ ಮೇಲೆ 8 ಅಥವಾ 10 ಗ್ರಾಂ ಎಂದಿದ್ದರೆ ನೀವು ಹಿಡಿದಿರುವುದು ಜ್ಯೂಸನ್ನು. ಕುಡಿಯಲು ಸಿದ್ಧವಾದ ಡಬ್ಬಿಗಳಲ್ಲೂ ಸರಿಯಾದ ಸೂತ್ರದವು ಸಿಗುತ್ತವೆ, ಪ್ರಯಾಣದಲ್ಲಿ ಅನುಕೂಲ. ಆದರೆ ಪುಡಿಗಿಂತ ಬಲು ದುಬಾರಿ. ಕಿತ್ತಳೆ ರುಚಿ, ನಿಂಬೆ ರುಚಿಯ ಪುಡಿಯಾದರೂ ಪರವಾಗಿಲ್ಲ, ತೂಕಗಳು ಸರಿಯಿದ್ದರೆ ಸಾಕು. ಪ್ಯಾಕೆಟ್ಟು ಒತ್ತಿದಾಗ ಪುಡಿ ಗಟ್ಟಿ ಹೆಂಟೆಯಾಗಿದ್ದರೆ ಬೇರೆಯದನ್ನು ಕೇಳಿ, ತೇವ ಒಳಗೆ ಹೋಗಿದೆ ಎಂದರ್ಥ. ದುಡ್ಡಿನ ಚಿಂತೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಓಆರ್‌ಎಸ್ ಅಲ್ಲಿ ಉಚಿತ. ಊರಿನ ಆಶಾ ಕಾರ್ಯಕರ್ತೆಯ ಬಳಿಯೂ ಇರುತ್ತದೆ.

ಗ್ಲುಕೋಸ್ ಡಬ್ಬಿಯ ವಿಷಯವನ್ನು ಬಿಡಿಸಿ ಹೇಳಬೇಕು, ಅತಿ ಹೆಚ್ಚು ಜನ ಎಡವುವುದು ಅಲ್ಲೇ. ಬಿಸಿಲಿನಲ್ಲಿ ದಣಿದವರಿಗೆಂದು ಮಾರುವ ಆ ಪುಡಿ ಬಹುಪಾಲು ಸಕ್ಕರೆಯೇ, ಭೇದಿಗೆ ಬೇಕಾದಷ್ಟು ಉಪ್ಪು ಅದರಲ್ಲಿಲ್ಲ. ಆಟಗಾರರ ಪಾನೀಯದಲ್ಲೂ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ. ಓಆರ್‌ಎಸ್ ಕುಡಿಯುತ್ತಿರುವವರು ನಡುವೆ ಒಂದು ಎಳನೀರು ಕುಡಿಯಲಿ, ಒಳ್ಳೆಯದೇ. ಓಆರ್‌ಎಸ್ ಬದಲಿಗೆ ಎಳನೀರು ಎಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಬೇಡ. ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು ಓಆರ್‌ಎಸ್ಸನ್ನೂ ತಮ್ಮ ವೈದ್ಯರಿಗೆ ಫೋನು ಮಾಡಿ ಕೇಳಿಯೇ ಕುಡಿಯಬೇಕು.

ಎಷ್ಟು ಪ್ಯಾಕೆಟ್ಟು: ಒಂದು ಮನೆಯ ಲೆಕ್ಕ

ಮದುವೆ ಊಟ ಮಾಡಿ ಬಂದ ಮನೆಯೊಂದರಲ್ಲಿ ತಾಯಿಗೆ ಬೆಳಗಿನಿಂದ ಎಂಟು ಸಲ ನೀರು ನೀರಾಗಿ ಹೋಗಿದೆ, ನಾಲ್ಕು ವರ್ಷದ ಮಗನಿಗೆ ಆರು ಸಲ ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ಜ್ವರವಿಲ್ಲ, ರಕ್ತ ಹೋಗಿಲ್ಲ, ಮೂತ್ರ ಬರುತ್ತಿದೆ.

ಅಳತೆ ಹೀಗಿದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಹೋದ ಮೇಲೆ 50ರಿಂದ 100 ಮಿಲಿಲೀಟರ್. ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200. ಅದಕ್ಕಿಂತ ದೊಡ್ಡವರು ಬಾಯಾರಿಕೆ ಇದ್ದಷ್ಟು ಕುಡಿಯಬಹುದು, ಲೆಕ್ಕಕ್ಕೆ ಪ್ರತಿ ಸಲಕ್ಕೂ ಕನಿಷ್ಠ ಒಂದು ದೊಡ್ಡ ಲೋಟ, 250 ಮಿಲಿಲೀಟರ್ ಎಂದು ಹಿಡಿಯಿರಿ.

ತಾಯಿಗೆ ಎಂಟು ಸಲಕ್ಕೆ ಎರಡು ಲೀಟರ್ ಆಯಿತು, ಎರಡು ದೊಡ್ಡ ಪ್ಯಾಕೆಟ್ಟು. ನಾಳೆಯೂ ಒಂದಿಷ್ಟು ಹೋಗುತ್ತದೆ, ಆದ್ದರಿಂದ ನಾಲ್ಕು ತಂದಿಟ್ಟುಕೊಳ್ಳುವುದು ಜಾಣತನ. ಮಗನಿಗೆ ಸಲಕ್ಕೆ 150ರಂತೆ ಆರು ಸಲಕ್ಕೆ 900 ಮಿಲಿಲೀಟರ್. ಅವನಿಗೆ ಚಿಕ್ಕ ಪ್ಯಾಕೆಟ್ಟುಗಳೇ ಒಳ್ಳೆಯದು, ಇವತ್ತಿಗೆ ಐದು, ನಾಳೆಗೆ ಐದು. ಮಕ್ಕಳು ಒಂದು ಲೀಟರ್ ಕಲಸಿದ್ದನ್ನು ಪೂರ್ತಿ ಮುಗಿಸುವುದಿಲ್ಲ, ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡುವಂತಿಲ್ಲ.

ಮಗನಿಗೆ ಇನ್ನೊಂದು ವಸ್ತು ಬೇಕು: ಝಿಂಕ್. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಮಿನ ಒಂದು ಮಾತ್ರೆಯಂತೆ 14 ದಿನ ಕೊಡುವುದು ನಮ್ಮ ಸರ್ಕಾರಿ ಆರೋಗ್ಯ ಕಾರ್ಯಕ್ರಮದ ಕ್ರಮ. ನೀರಲ್ಲಿ ಕರಗುವ ಮಾತ್ರೆ, ಒಂದು ಚಮಚ ನೀರಿನಲ್ಲಿ ಹಾಕಿದರೆ ಕರಗುತ್ತದೆ. ಮಗುವಿನ ವಯಸ್ಸು ಹೇಳಿ ವೈದ್ಯರ ಬಳಿಯೋ ಆಶಾ ಕಾರ್ಯಕರ್ತೆಯ ಬಳಿಯೋ ಖಚಿತ ಮಾಡಿಕೊಂಡು ತನ್ನಿ. ಎರಡು ದಿನಕ್ಕೆ ಭೇದಿ ನಿಂತಿತೆಂದು ಝಿಂಕ್ ನಿಲ್ಲಿಸುವ ಮನೆಗಳೇ ಹೆಚ್ಚು. ಅದು ಕರುಳಿನ ಒಳಪದರ ಸರಿಯಾಗಲು ನೆರವಾಗುವ ವಸ್ತು, ಆ ಕೆಲಸಕ್ಕೆ ಎರಡು ದಿನ ಸಾಲದು.

ಭೇದಿ ಕಟ್ಟುವ ಮಾತ್ರೆಯನ್ನು ಅಂಗಡಿಯವರು ತಾವಾಗಿ ಕೊಟ್ಟರೂ ಮಗುವಿಗೆ ತೆಗೆದುಕೊಳ್ಳಬೇಡಿ. ಜ್ವರ ಅಥವಾ ರಕ್ತ ಇದ್ದರೆ ದೊಡ್ಡವರಿಗೂ ಬೇಡ. ಕರುಳಿನ ಚಲನೆ ನಿಂತರೆ ಹೊರಗೆ ಹೋಗಬೇಕಾದ ರೋಗಾಣು ಒಳಗೇ ಉಳಿಯುತ್ತದೆ.

ಕಲಸುವಾಗ ಆಗುವ ತಪ್ಪು

ಸರಿಯಾದ ಪ್ಯಾಕೆಟ್ಟು ತಂದೂ ಕೆಡಿಸಿಕೊಳ್ಳುವುದು ಇಲ್ಲಿ. ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಹಾಕಿ ಕುಡಿಸಿದರೆ ಉಪ್ಪು ಐದು ಪಟ್ಟಾಗುತ್ತದೆ, ಚಿಕ್ಕ ಮಗುವಿಗೆ ಅದು ಅಪಾಯಕಾರಿ. ಚಿಕ್ಕ ಪ್ಯಾಕೆಟ್ಟನ್ನು ಲೀಟರ್ ಬಾಟಲಿಗೆ ಹಾಕಿದರೆ ಹೆಚ್ಚುಕಮ್ಮಿ ಬರೀ ನೀರೇ. ದೊಡ್ಡ ಪ್ಯಾಕೆಟ್ಟಿನಿಂದ ಅಂದಾಜಿಗೆ ಚಮಚ ಚಮಚ ತೆಗೆದು ಕಲಸುವುದೂ ತಪ್ಪು, ಏಕೆಂದರೆ ಪುಡಿಯೊಳಗೆ ನಾಲ್ಕು ಪದಾರ್ಥ ಎಲ್ಲ ಕಡೆ ಒಂದೇ ಸಮ ಹರಡಿರುತ್ತವೆಂಬ ಭರವಸೆಯಿಲ್ಲ.

ಕೈ ಸೋಪಿನಲ್ಲಿ ತೊಳೆಯಿರಿ. ಕುದಿಸಿ ಆರಿಸಿದ ನೀರನ್ನು ಒಂದು ಲೀಟರ್ ಅಳೆದು ಅಗಲ ಬಾಯಿಯ ಶುಭ್ರ ಪಾತ್ರೆಗೆ ಹಾಕಿ. ಅಳತೆ ಪಾತ್ರೆ ಇಲ್ಲದಿದ್ದರೆ ಲೀಟರ್ ನೀರಿನ ಬಾಟಲಿಯೇ ಅಳತೆ. ಅದರಿಂದ ಒಂದು ಗುಟುಕು ಕುಡಿದು ಉಳಿದುದಕ್ಕೆ ಪುಡಿ ಸುರಿಯುವುದಲ್ಲ, ಪೂರ್ತಿ ನೀರನ್ನು ಪಾತ್ರೆಗೆ ಬಗ್ಗಿಸಿ. ಪ್ಯಾಕೆಟ್ಟಿನ ಅಷ್ಟೂ ಪುಡಿ ಹಾಕಿ, ತಿಳಿಯಾಗುವ ತನಕ ಕದಡಿ. ಚಿಕ್ಕ ಪ್ಯಾಕೆಟ್ಟಿಗೆ 200 ಮಿಲಿಲೀಟರ್ ಯಾವುದು ಎಂದು ತಿಳಿಯಲು ಆ ಲೀಟರ್ ಬಾಟಲಿಯನ್ನೇ ಐದು ಲೋಟಕ್ಕೆ ಸಮನಾಗಿ ಹಂಚಿ ನೋಡಿ, ನೀರು ನಿಂತ ಮಟ್ಟಕ್ಕೆ ಒಂದು ಗುರುತು ಹಾಕಿಕೊಳ್ಳಿ. ಮನೆಯ ಸ್ಟೀಲ್ ಲೋಟಗಳು ಒಂದೊಂದೂ ಒಂದೊಂದು ಗಾತ್ರ.

ಕಲಸಿದ ಮೇಲೆ ಕಾಯಿಸಬೇಡಿ. ಸಕ್ಕರೆ, ಹಾಲು, ಜ್ಯೂಸು ಸೇರಿಸಬೇಡಿ. ನಾಲಿಗೆಗೆ ಇಟ್ಟರೆ ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಬಾರದು. ಮಗು ರುಚಿಗೆ ಮುಖ ಕಿವುಚಿದರೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕೊಡಿ, ತಣ್ಣಗಿದ್ದರೆ ಉಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ವಾಂತಿಯೂ ಇದ್ದರೆ ಲೋಟ ಎತ್ತಿ ಕುಡಿಸಬೇಡಿ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಶುರುಮಾಡಿ. ಗಟಗಟ ಕುಡಿಸಿದ ಲೋಟ ಹೊರಗೆ ಬರುತ್ತದೆ, ಚಮಚದಲ್ಲಿ ಹೋದದ್ದು ಬಹುಪಾಲು ಒಳಗೆ ಉಳಿಯುತ್ತದೆ.

ಸರಿರಾತ್ರಿ, ಅಂಗಡಿ ಮುಚ್ಚಿದೆ. ಆಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಬೇಡ, ಬೆರಳಿನಿಂದ ಸವರಿ ಸಮ ಮಾಡಿ. ತಪ್ಪಿದರೆ ಉಪ್ಪು ಹೆಚ್ಚಾಗುವುದಕ್ಕಿಂತ ಕಡಿಮೆಯಾಗುವುದೇ ಮೇಲು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಜೊತೆಗೊಂದು ಬಾಳೆಹಣ್ಣು ಕೊಟ್ಟರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಪ್ಯಾಕೆಟ್ಟು ತನ್ನಿ.

ಸಕ್ಕರೆ ಕಾಯಿಲೆಯವರು ಓಆರ್‌ಎಸ್‌ಗೆ ಹೆದರಬೇಕಿಲ್ಲ, ಒಂದು ಲೀಟರಿನಲ್ಲಿ ಇರುವುದು ಮೂರು ಚಮಚದಷ್ಟು ಗ್ಲುಕೋಸ್. ಸಕ್ಕರೆಮುಕ್ತ ಓಆರ್‌ಎಸ್ ಹುಡುಕಿದರೆ ಉಪ್ಪನ್ನು ಒಳಗೊಯ್ಯುವ ಜೊತೆಗಾರನನ್ನೇ ಕಳೆದುಕೊಂಡಂತೆ. ಆದರೆ ಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳುತ್ತಿರಬೇಕು. ಮೈ ಒಣಗಿದಾಗ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ತೊಂದರೆ ಕೊಡಬಹುದು, ಆ ದಿನ ತೆಗೆದುಕೊಳ್ಳಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿ.

ದಿನಸಿ ಅಂಗಡಿಯಲ್ಲಿ: ಹೊಟ್ಟೆಗೆ ಹಗುರಾದದ್ದು

'ಹೊಟ್ಟೆ ಖಾಲಿ ಬಿಡು, ತಾನೇ ನಿಲ್ಲುತ್ತೆ' ಎಂಬ ಹಳೆಯ ಮಾತು ಕೇಳಬೇಡಿ. ಉಪವಾಸ ಹಾಕಿದರೆ ಕರುಳಿನ ಒಳಪದರ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ, ಮಕ್ಕಳು ಎರಡೇ ದಿನದಲ್ಲಿ ಸೊರಗುತ್ತಾರೆ. ನಾಲ್ಕು ಗಂಟೆ ಓಆರ್‌ಎಸ್ ಕುಡಿದು ಮೈಗೆ ನೀರು ಹಿಡಿದ ಮೇಲೆ ಊಟ ಶುರುಮಾಡಬಹುದು. ಮೊಲೆಹಾಲು ಕುಡಿಯುವ ಕೂಸಿಗೆ ಅದನ್ನು ಒಂದು ಹೊತ್ತೂ ನಿಲ್ಲಿಸಬಾರದು.

ಆರಿಸುವ ಸೂತ್ರ ಸರಳ: ನಾರು ಕಡಿಮೆ, ಎಣ್ಣೆ ಕಡಿಮೆ, ಖಾರವಿಲ್ಲ, ಸಕ್ಕರೆ ಮಿತ. ದಿನವೂ ಒಳ್ಳೆಯದೆಂದು ಹೇಳುವ ಹಲವು ಪದಾರ್ಥಗಳು ಈ ಎರಡು ದಿನ ಮಾತ್ರ ಒಳ್ಳೆಯವಲ್ಲ. ಕಂದು ಬ್ರೆಡ್ಡಿಗಿಂತ ಬಿಳಿ ಬ್ರೆಡ್ಡು, ಪಾಲಿಶ್ ಮಾಡದ ಅಕ್ಕಿಗಿಂತ ಬಿಳಿ ಅಕ್ಕಿ, ತವುಡು ಸೇರಿಸಿದ ಬಿಸ್ಕತ್ತಿಗಿಂತ ಮಾರಿ ಬಿಸ್ಕತ್ತು ಅಥವಾ ರಸ್ಕು.

ಚೀಲಕ್ಕೆ ಮೊದಲು ಹಾಕಬೇಕಾದದ್ದು ಅಕ್ಕಿ ತರಿ ಅಥವಾ ನುಚ್ಚು. ಇಡಿ ಅಕ್ಕಿಗಿಂತ ಬೇಗ ಕರಗಿ ಬೇಯುತ್ತದೆ. 50 ಗ್ರಾಂ, ಅಂದರೆ ಸುಮಾರು ಕಾಲು ಲೋಟ ನುಚ್ಚಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರಿಟ್ಟು ಕಾಳು ಕಾಣದ ಹಾಗೆ ಬೇಯಿಸಿ, ಇಳಿಸುವಾಗ ಸಮ ಮಾಡಿದ ಅರ್ಧ ಚಹಾ ಚಮಚ ಉಪ್ಪು ಹಾಕಿ. ಈ ಗಂಜಿ ಊಟವೂ ಹೌದು, ನೀರೂ ಹೌದು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲುಕೋಸ್ ಆಗುತ್ತಾ ಉಪ್ಪನ್ನು ಒಳಗೆ ಒಯ್ಯುತ್ತದೆ. ಕರಾವಳಿ ಮನೆಗಳಲ್ಲಿ ಕುಚ್ಚಲಕ್ಕಿಯೇ ಇದ್ದರೆ ಅಗುಳು ಬಿಟ್ಟು ತಿಳಿಯನ್ನು ಉಪ್ಪು ಹಾಕಿ ಕೊಡಿ, ಅಗುಳು ಮರುದಿನಕ್ಕೆ. ಗಂಜಿಯನ್ನು ಬೆಳಿಗ್ಗೆ ಮಾಡಿ ರಾತ್ರಿವರೆಗೆ ಹೊರಗೆ ಇಡಬೇಡಿ. ಬೆಂದ ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಎರಡನೆಯ ಸಲ ಕೆಡುತ್ತದೆ.

ಆಮೇಲೆ ಒಂದು ಪಾವು ಹೆಸರುಬೇಳೆ. ತೊಗರಿಬೇಳೆಗಿಂತ ಹಗುರ. ಎರಡು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಅರಿಶಿನ, ಉಪ್ಪು ಮಾತ್ರ ಹಾಕಿ, ಬೇಕಾದರೆ ಅರ್ಧ ಚಮಚ ತುಪ್ಪ. ಒಗ್ಗರಣೆ, ಮೆಣಸಿನಕಾಯಿ ಬೇಡ. ಕೂಡಲೇ ಏನನ್ನೂ ಬೇಯಿಸಲಾಗದವರು ಹೋಟೆಲಿನಿಂದ ಬಿಸಿ ಇಡ್ಲಿ ತರಿಸಬಹುದು, ಆದರೆ ಚಟ್ನಿ, ಸಾಂಬಾರು ಬಿಟ್ಟು. ಹೋಟೆಲಿನ ತೆಂಗಿನಕಾಯಿ ಚಟ್ನಿ ಬೇಗ ಕೆಡುವ ಪದಾರ್ಥ.

ಹಣ್ಣಿನಲ್ಲಿ ಬಾಳೆಯೇ ಮೊದಲು. ತೀರಾ ಕಳಿತದ್ದಲ್ಲ, ಸಿಪ್ಪೆಯ ತುದಿಯಲ್ಲಿ ಇನ್ನೂ ಹಸಿರು ಇರುವುದನ್ನು ಆರಿಸಿ. ಅದರಲ್ಲಿ ಸಕ್ಕರೆ ಕಡಿಮೆ, ದೊಡ್ಡ ಕರುಳಿಗೆ ನೆರವಾಗುವ ಪಿಷ್ಟ ಹೆಚ್ಚು. ಬಾಳೆಕಾಯಿಯನ್ನೇ ಬೇಯಿಸಿ ಉಪ್ಪು ಹಾಕಿ ಹಿಸುಕಿದರೆ ಇನ್ನೂ ಒಳ್ಳೆಯದು. ಸೇಬನ್ನು ಸಿಪ್ಪೆ ತೆಗೆದು ಬೇಯಿಸಿ ಕೊಡಿ. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಕಲ್ಲಂಗಡಿ, ದ್ರಾಕ್ಷಿ, ಪಪ್ಪಾಯಿ ಈಗ ಬೇಡ. ಆಲೂಗೆಡ್ಡೆ, ಕ್ಯಾರೆಟ್ ಬೇಯಿಸಿ ಹಿಸುಕಿದರೆ ನಡೆಯುತ್ತದೆ, ಸೊಪ್ಪು, ಹುರುಳಿಕಾಯಿ, ಎಲೆಕೋಸು ಮೂರು ದಿನದ ಮೇಲೆ.

ಮೊಸರು ತನ್ನಿ, ಸಾದಾದ್ದು. ಭೇದಿಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೆಲವು ದಿನ ಕುಗ್ಗುತ್ತದೆ. ಮೊಸರಾಗುವಾಗ ಆ ಸಕ್ಕರೆಯಲ್ಲಿ ಒಂದು ಪಾಲು ಹುಳಿಯಾಗಿ ಮಾರ್ಪಟ್ಟಿರುವುದರಿಂದ ಹಾಲಿಗಿಂತ ಸುಲಭವಾಗಿ ಸೇರುತ್ತದೆ. ಮೆತ್ತನೆಯ ಮೊಸರನ್ನ, ಉಪ್ಪು ಹಾಕಿದ ನೀರು ಮಜ್ಜಿಗೆ ಮಾಡಿಕೊಳ್ಳಿ. ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆಯಲ್ಲಿ ಹಸಿಮೆಣಸಿನಕಾಯಿ ಇರುತ್ತದೆ, ಅದು ಬೇಡ. ಹಣ್ಣಿನ ರುಚಿಯ ಸಿಹಿ ಮೊಸರೂ ಬೇಡ.

ಕ್ರೀಮ್ ಬಿಸ್ಕತ್ತು, ಕೋಲಾ, ಜ್ಯೂಸು ಸಕ್ಕರೆಯ ಕಾರಣಕ್ಕೆ ಬಿಡಬೇಕಾದವು. 'ಶುಗರ್ ಫ್ರೀ' ಮಿಠಾಯಿ, ಬಿಸ್ಕತ್ತುಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಇದ್ದರೆ ಅವೇ ಭೇದಿ ತರಿಸಬಲ್ಲವು. ಗಟ್ಟಿ ಕಾಫಿ ಕರುಳನ್ನು ಕೆರಳಿಸುತ್ತದೆ. ಕಾಫಿಯಿಲ್ಲದೆ ತಲೆನೋವು ಬರುವವರು ಹಾಲಿಲ್ಲದ ತೆಳು ಚಹಾ ಒಂದು ಲೋಟ ಕುಡಿಯಲಿ.

ಅಂಗಡಿಯ ವಸ್ತು ಸಾಲದು ಎಂದು ತಿಳಿಯುವುದು ಹೇಗೆ

ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಬಿಡದ ಹೊಟ್ಟೆನೋವು ಇದ್ದರೆ ಮನೆ ಮದ್ದಿನ ಹಂತ ದಾಟಿದೆ. ಆರೇಳು ಗಂಟೆ ಮೂತ್ರವೇ ಬರದಿದ್ದರೆ, ಮಗು ಅಳುವಾಗ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಮರಳಿದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಜಡವಾಗಿ ಮಲಗಿ ಕುಡಿಯಲೂ ಒಲ್ಲೆನೆನ್ನುವ ಮಗುವಿಗೆ ಡ್ರಿಪ್ ಬೇಕಾಗಬಹುದು. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ರಾಶಿ ರಾಶಿಯಾಗಿ ಹೋಗುತ್ತಿದ್ದರೆ ಕಾಲರಾ ಇರಬಹುದು, ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಹೋಗಿ. ಆರು ತಿಂಗಳೊಳಗಿನ ಕೂಸು, ಗರ್ಭಿಣಿ, ವಯಸ್ಸಾದವರು ಆದರೆ ಇಷ್ಟೆಲ್ಲ ಕಾಯದೆ ಮೊದಲೇ ತೋರಿಸಿ.

ಎಲ್ಲ ಸರಿಹೋಗುತ್ತಿದ್ದರೆ ಮೂರನೆಯ ದಿನದಿಂದ ಊಟ ಹಿಗ್ಗಿಸಿ. ಗಂಜಿ, ಬ್ರೆಡ್ಡು, ಬಾಳೆಯಲ್ಲೇ ವಾರ ತಳ್ಳಿದರೆ ಪ್ರೋಟೀನ್ ಸಾಲದೆ ನಿತ್ರಾಣ ಮುಂದುವರಿಯುತ್ತದೆ. ಮೊದಲು ಸಾರು-ಅನ್ನ, ಬೆಂದ ಮೊಟ್ಟೆ, ಆಮೇಲೆ ಪಲ್ಯ, ಚಪಾತಿ. ಮಗುವಿಗೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಕಳೆದುಕೊಂಡ ತೂಕ ಮರಳಲು ಅದು ಬೇಕು. ಹಸಿ ತರಕಾರಿ, ಕರಿದ ತಿಂಡಿ ಅದಾದ ಮೇಲೆ. ದೊಡ್ಡವರು ಹಾಲನ್ನು ಕೊನೆಗೆ ಶುರುಮಾಡಲಿ, ಮೊದಲ ದಿನ ಅರ್ಧ ಲೋಟ. ಹೊಟ್ಟೆ ಗುಡುಗುಡು ಎಂದು ಉಬ್ಬಿದರೆ ಇನ್ನೆರಡು ದಿನ ಮೊಸರಿನಲ್ಲೇ ಇರಲಿ.